ನಿಮಗಿದು ಗೊತ್ತೇ? ಒಂದೇ ಗದ್ದುಗೆ, ಬೇರೆ ಬೇರೆ ಹರಕೆ

ದರ್ಗಾಕ್ಕೆ ಹಿಂದೂಗಳು ಹೋಗುವುದು, ಊರ ಜಾತ್ರೆಯಲ್ಲಿ ಮುಸ್ಲಿಮರು ಮುಂದೆ ನಿಲ್ಲುವುದು ನಮಗೇನೂ ಹೊಸದಲ್ಲ. ಇಂಥದ್ದನ್ನು ಕಂಡರೆ ಪತ್ರಿಕೆಗಳು ‘ಭಾವೈಕ್ಯದ ಸಂಗಮ’ ಎಂದು ತಲೆಬರಹ ಕೊಡುತ್ತವೆ. ವಿದ್ವಾಂಸರು ಬಹುಕಾಲ ಇದನ್ನು ‘ಸಿಂಕ್ರೆಟಿಸಂ’ ಎಂದರು, ಅಂದರೆ ಧರ್ಮಗಳ ಬೆರಕೆ. ಆದರೆ ಹೋಗಿ ನೋಡಿದವರಿಗೆ ಅಲ್ಲಿ ಬೆರಕೆಗಿಂತ ಹಂಚಿಕೆಯೇ ಹೆಚ್ಚಾಗಿ ಕಂಡಿದೆ.

ಒಂದು ತಂಡ ಮಸೀದಿಗೆ ಹೋಗುತ್ತದೆ, ಇನ್ನೊಂದು ಹೋಗುವುದಿಲ್ಲ

ಶಬರಿಮಲೆಗೆ ಹೋಗುವ ಅಯ್ಯಪ್ಪ ಭಕ್ತರು ಎರುಮೇಲಿಯಲ್ಲಿ ಮೈಗೆ ಬಣ್ಣ ಬಳಿದುಕೊಂಡು ಕುಣಿಯುವ ಪೇಟ್ಟ ತುಳ್ಳಲ್ ಕರ್ನಾಟಕದ ಮಾಲೆಧಾರಿಗಳಿಗೂ ಗೊತ್ತು. ಕುಣಿಯುತ್ತ ಬಂದವರು ಅಯ್ಯಪ್ಪನ ಗೆಳೆಯ ವಾವರನ ಮಸೀದಿಗೆ ಸುತ್ತು ಬಂದು ಕಾಣಿಕೆ ಹಾಕುತ್ತಾರೆ. ಆದರೆ ಸಂಪ್ರದಾಯದ ಎರಡು ಮುಖ್ಯ ತಂಡಗಳ ನಡೆ ಬೇರೆ ಬೇರೆ. ಮೊದಲು ಬರುವ ಅಂಬಲಪ್ಪುಳದವರು ಮಸೀದಿಗೆ ಹೋಗುತ್ತಾರೆ, ವಾವರನ ಪ್ರತಿನಿಧಿ ಅವರ ಜೊತೆಗೆ ಹೊರಡುತ್ತಾನೆ. ಆಮೇಲೆ ಬರುವ ಆಲಂಗಾಡಿನವರು ಮಸೀದಿಗೆ ಹೋಗುವುದಿಲ್ಲ. ಕಾರಣ ಮುನಿಸಲ್ಲ: ವಾವರ ಆಗಲೇ ಮೊದಲ ತಂಡದ ಜೊತೆ ಹೊರಟುಹೋಗಿದ್ದಾನೆ ಎಂಬುದು ಅವರ ನಂಬಿಕೆ. ಇಲ್ಲಿ ಭಕ್ತ ನಮಾಜು ಮಾಡುವುದಿಲ್ಲ, ಮಸೀದಿಯವರು ಮಾಲೆ ಹಾಕುವುದಿಲ್ಲ. ಯಾರು, ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ ಎನ್ನುವ ಕಟ್ಟುಪಾಡು ಮಾತ್ರ ಇಬ್ಬರಿಗೂ ಸೇರಿದ್ದು.

ದರ್ಗಾದ ಅತಿ ಎತ್ತರದ ಮಿನಾರು ಮರಾಠ ರಾಜನದು

ತಮಿಳುನಾಡಿನ ನಾಗೂರು ದರ್ಗಾಕ್ಕೆ ಐದು ಮಿನಾರುಗಳಿವೆ. ಎಲ್ಲಕ್ಕಿಂತ ಎತ್ತರದ, 131 ಅಡಿಯ ಮಿನಾರನ್ನು ಕಟ್ಟಿಸಿದವನು 18ನೇ ಶತಮಾನದ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹ. ಗಂಡು ಸಂತಾನದ ಹರಕೆ ತೀರಿಸಿದ ಎಂದು ಐತಿಹ್ಯ. ಇಲ್ಲಿ ಮುಡಿ ಕೊಡುವ ಹಿಂದೂ ಭಕ್ತರು ಇಂದಿಗೂ ಇದ್ದಾರೆ. ಮಿನಾರು ಕಟ್ಟಿಸಿದ್ದರಿಂದ ದೊರೆಯ ಧರ್ಮ ಬದಲಾಗಲಿಲ್ಲ, ದರ್ಗಾದ ಧರ್ಮವೂ ಬದಲಾಗಲಿಲ್ಲ. ಹರಕೆ ಹೊತ್ತವನು ಫಲ ಕಂಡ ಕಡೆ ಋಣ ತೀರಿಸುತ್ತಾನೆ. ಅದಕ್ಕೆ ಎರಡು ಸಿದ್ಧಾಂತ ಬೆರೆಯಬೇಕಾಗಿಲ್ಲ.

ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲಿ ಮೊಹರಂ

ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಮುಸ್ಲಿಂ ಮನೆಯಿಲ್ಲದಿದ್ದರೂ ಅಲಾಯಿ ದೇವರನ್ನು ಕೂಡಿಸುತ್ತಾರೆ. ಮಸೂತಿಯ ಮುಂದೆ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಹೆಜ್ಜೆಮೇಳದವರು ರಿವಾಯತ್ ಹಾಡುತ್ತ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಹರಕೆಯವರು ಫಕೀರರಾಗುತ್ತಾರೆ. ಸಕ್ಕರೆ ‘ಓದಿಸುವುದು’ ಮಾತ್ರ ಎಲ್ಲರಿಂದ ಆಗುವ ಕೆಲಸವಲ್ಲ. ಅದಕ್ಕೆ ಪಕ್ಕದೂರಿನಿಂದ ಮುಜಾವರರನ್ನು ಕರೆಸುವುದುಂಟು. ರೈತ ಸಕ್ಕರೆ ಚೀಟಿ ಮುಂದೆ ಹಿಡಿಯುತ್ತಾನೆ, ಮುಜಾವರ ಫಾತೆಹಾ ಓದಿ ಒಂದು ಚಿಟಿಕೆ ತೆಗೆದಿಟ್ಟು ಉಳಿದದ್ದನ್ನು ವಾಪಸು ಕೊಡುತ್ತಾನೆ. ರೈತನಿಗೆ ಅದು ದೇವರ ಪ್ರಸಾದ, ಮುಜಾವರನಿಗೆ ಕರ್ಬಲಾದಲ್ಲಿ ಮಡಿದ ಹುಸೇನರ ಹೆಸರಿನ ಓದಿಕೆ. ಇಬ್ಬರ ಮನಸ್ಸಿನಲ್ಲಿರುವುದು ಒಂದೇ ಅಲ್ಲ. ಒಂದೇ ಆಗಬೇಕೆಂದು ಇಬ್ಬರೂ ಪಟ್ಟು ಹಿಡಿಯುವುದಿಲ್ಲ.

‘ಅರೆಬರೆ ಮುಸ್ಲಿಂ’ ಎನ್ನುವ ಮಾತಿಗೆ ಆಕ್ಷೇಪ

ನಮ್ಮ ಗಡಿಯಾಚೆಯ ಅನಂತಪುರ ಜಿಲ್ಲೆಯ ಗೂಗೂಡಿನಲ್ಲಿ ಮೊಹರಮ್ಮಿಗೆ ಕುಳ್ಳಾಯಪ್ಪನ ಪೀರನ್ನು ಕಾಣಲು ಭಾರೀ ಜನ ಸೇರುತ್ತಾರೆ. ಕರ್ನಾಟಕದಿಂದ ಹೋಗುವವರೂ ಇದ್ದಾರೆ. ಈ ಹಬ್ಬವನ್ನು ಅಧ್ಯಯನ ಮಾಡಿ 2013ರಲ್ಲಿ ಪುಸ್ತಕ ಬರೆದ ಅಫ್ಸರ್ ಮೊಹಮ್ಮದ್, ಬೆರಕೆ ಎಂಬ ಮಾತು ಇಲ್ಲಿನ ಭಕ್ತಿಯನ್ನು ವಿವರಿಸಲು ಸಾಲದು ಎಂದರು. ಬೆರಕೆ ಎಂದಕೂಡಲೇ ಬೇರೆಲ್ಲೋ ‘ಶುದ್ಧ’ ಇಸ್ಲಾಂ ಇದೆ, ಹಳ್ಳಿಯದು ಅದಕ್ಕೆ ನೀರು ಬೆರೆಸಿದ್ದು ಎಂದಾಗುತ್ತದೆ. ತಮಾಷೆಯೆಂದರೆ, ಪೀರಲ ಹಬ್ಬ ‘ಅಸಲಿ ಇಸ್ಲಾಂ’ ಅಲ್ಲ ಎನ್ನುವ ಸುಧಾರಕರ ವಾದವೂ ಇದೇ. ಹೊಗಳಲು ಬಂದ ವಿದ್ವಾಂಸ, ತೆಗಳಲು ಬಂದ ಸುಧಾರಕ, ಇಬ್ಬರ ಕೈಯಲ್ಲೂ ಒಂದೇ ಅಳತೆಗೋಲು.

‘ಸಿಂಕ್ರೆಟಿಸಂ’ ಒಂದು ಕಾಲಕ್ಕೆ ಬೈಗುಳವಾಗಿತ್ತು

17ನೇ ಶತಮಾನದ ಜರ್ಮನಿಯಲ್ಲಿ ಹೆಲ್ಮ್‌ಸ್ಟೆಟ್ ವಿಶ್ವವಿದ್ಯಾಲಯದ ಗೇಯಾರ್ಗ್ ಕಾಲಿಕ್ಸ್ಟಸ್ ಎಂಬ ಲೂಥರನ್ ಪಂಡಿತ, ಕ್ರೈಸ್ತರ ಒಳಪಂಗಡಗಳು ರಾಜಿಯಾಗಬೇಕೆಂದು ವಾದಿಸಿದ. ಸ್ವಂತ ಪಂಗಡದ ಕಟ್ಟಾಳುಗಳೇ ಅವನನ್ನು ‘ಸಿಂಕ್ರೆಟಿಸ್ಟ್’ ಎಂದು ಹಳಿದರು. ತತ್ವ ಕಲಬೆರಕೆ ಮಾಡುವವನು ಎಂಬುದು ಅವರ ಆರೋಪ. ಮುಂದೆ ಅದೇ ಮಾತು ಶಾಸ್ತ್ರೀಯ ಪದವಾಗಿ ಏಷ್ಯಾ, ಆಫ್ರಿಕಾಗಳ ಜನರ ಆರಾಧನೆಯ ಮೇಲೆ ಕೂತಿತು. ಮಾನವಶಾಸ್ತ್ರಜ್ಞರಾದ ಚಾರ್ಲ್ಸ್ ಸ್ಟೂಅರ್ಟ್ ಮತ್ತು ರೋಸಲಿಂಡ್ ಶಾ 1994ರಲ್ಲಿ ಸಂಪಾದಿಸಿದ ಪುಸ್ತಕ ಈ ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಎಲ್ಲ ಧರ್ಮಗಳೂ ಕೊಡುಕೊಳ್ಳುವಿಕೆಯಿಂದಲೇ ಬೆಳೆದಿರುವಾಗ, ಒಂದನ್ನು ಮಾತ್ರ ಬೆರಕೆ ಎಂದರೆ ಹೇಳಿದ್ದೇನು? ಯಾರು ಯಾವುದನ್ನು ಬೆರಕೆ ಎನ್ನುತ್ತಾರೆ, ಯಾವುದನ್ನು ಶುದ್ಧಗೊಳಿಸಲು ಹೊರಡುತ್ತಾರೆ, ಅದರಿಂದ ಯಾರ ಕೈಗೆ ಅಧಿಕಾರ ಬರುತ್ತದೆ ಎಂದು ಕೇಳಬೇಕು ಎಂಬುದು ಅವರ ನಿಲುವು.

ಬಾಬಾಬುಡನ್‌ಗಿರಿಯ ಆಚರಣೆಗಳಿಗೆ ಸರ್ಕಾರಿ ಪಟ್ಟಿಯಿದೆ

ಚಿಕ್ಕಮಗಳೂರಿನ ಗುಹೆ ಹಿಂದೂಗಳಿಗೆ ದತ್ತಾತ್ರೇಯ ಪೀಠ, ಮುಸ್ಲಿಮರಿಗೆ ದಾದಾ ಹಯಾತ್ ಮೀರ್ ಖಲಂದರ್ ಮತ್ತು ಬಾಬಾಬುಡನ್ ಅವರ ನೆಲೆ. ದಾಖಲೆಯ ಹೆಸರಲ್ಲೇ ‘ಗುರು ದತ್ತಾತ್ರೇಯ’, ‘ಬಾಬಾಬುಡನ್ ಸ್ವಾಮಿ’, ‘ದರ್ಗಾ’ ಮೂರೂ ಇವೆ. ವಂಶಪಾರಂಪರ್ಯವಾಗಿ ಸಜ್ಜಾದನಶೀನರು ಇದನ್ನು ನೋಡಿಕೊಂಡು ಬಂದರು. 1970ರ ದಶಕದಲ್ಲಿ ಆಸ್ತಿಯನ್ನು ಮುಜರಾಯಿಯಿಂದ ವಕ್ಫ್ ಮಂಡಳಿಗೆ ವಹಿಸಿದಾಗ ವ್ಯಾಜ್ಯ ಹುಟ್ಟಿತು. ಇದು ಎರಡೂ ಸಮುದಾಯದವರು ನಡೆದುಕೊಳ್ಳುವ ಸ್ಥಳ, ಮುಜರಾಯಿಗೆ ಸೇರಬೇಕು ಎಂದು 1980ರಲ್ಲಿ ಜಿಲ್ಲಾ ನ್ಯಾಯಾಲಯ ಹೇಳಿತು. 1991ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಹಾಗಾದರೆ ಅಲ್ಲಿ ಏನೇನು ನಡೆಯಬೇಕು? 1975ರ ಜೂನ್‌ಗೆ ಮೊದಲು ಏನು ರೂಢಿಯಲ್ಲಿತ್ತೋ ಅದು ಎಂದಾಯಿತು. ಆ ರೂಢಿ ಏನೆಂದು ವಿಚಾರಿಸಿ 1989ರಲ್ಲಿ ಮುಜರಾಯಿ ಆಯುಕ್ತರು ಪಟ್ಟಿ ಮಾಡಿದರು. ಅದರ ಪ್ರಕಾರ ಗರ್ಭಗುಡಿಯೊಳಗೆ ಹೋಗುವವರು ಸಜ್ಜಾದನಶೀನರು ಅಥವಾ ಅವರು ನೇಮಿಸಿದ ಮುಜಾವರ. ಪಾದುಕೆಗೆ ಹೂವಿಡುವುದು, ನಂದಾದೀಪ ಹಚ್ಚುವುದು, ಭಕ್ತರಿಗೆ ತೀರ್ಥ ಕೊಡುವುದು ಅವರದೇ ಕೆಲಸ. ಅಂದರೆ ಮುಸ್ಲಿಂ ಮುಜಾವರ ತೀರ್ಥ ಕೊಡುತ್ತಾನೆ, ದತ್ತನ ಭಕ್ತ ಕೈಯೊಡ್ಡುತ್ತಾನೆ. ಬೆರಕೆ ಎಂಬ ಪದ ಈ ದೃಶ್ಯವನ್ನು ಮುಚ್ಚಿಬಿಡುತ್ತದೆ. ನಿಂತದ್ದು ಇಬ್ಬರು, ಮಾಡಿದ್ದು ಎರಡು ಕೆಲಸ. ಅಧಿಕಾರ ಒಬ್ಬರ ಕೈಯಲ್ಲಿ, ಪ್ರವೇಶ ಎಲ್ಲರಿಗೂ.

ಅದೇ ಪಟ್ಟಿ 2021ರಲ್ಲಿ ಬೇರೆಯಾಗಿ ಕಂಡಿತು

2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಈ ವ್ಯವಸ್ಥೆಯನ್ನೇ ಮುಂದುವರಿಸಿ ಆದೇಶ ಹೊರಡಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ತೀರ್ಪಿನ ವಾದಕ್ಕೆ ಎರಡು ಮುಖ. ತಮ್ಮ ಪದ್ಧತಿಯಂತೆ ಪೂಜೆ ಮಾಡಿಸಲು ಬಿಡದೆ ಹಿಂದೂಗಳ ಹಕ್ಕಿಗೆ ಧಕ್ಕೆಯಾಯಿತು ಎಂಬುದು ಒಂದು. ಪಾದುಕೆ ಪೂಜೆ, ನಂದಾದೀಪಗಳನ್ನು ಮುಜಾವರನ ಮೇಲೆ ಹೇರಿ ಅವನ ನಂಬಿಕೆಗೂ ಧಕ್ಕೆ ತರಲಾಯಿತು ಎಂಬುದು ಇನ್ನೊಂದು. 1989ರ ಪಟ್ಟಿಯ ಕಣ್ಣಿಗೆ ರೂಢಿಯಾಗಿದ್ದದ್ದು ಹೀಗೆ ಎರಡೂ ಧರ್ಮಗಳಿಗೆ ಒಗ್ಗದ ಹೇರಿಕೆಯಾಯಿತು. 2022ರಲ್ಲಿ ವ್ಯವಸ್ಥಾಪನಾ ಸಮಿತಿ ಬಂತು, ಡಿಸೆಂಬರಿನ ದತ್ತ ಜಯಂತಿಯ ಹೊತ್ತಿಗೆ ಹಿಂದೂ ಅರ್ಚಕರ ನೇಮಕವೂ ಆಯಿತು. ಕೆಲವರಿಗೆ ಇದು ಸಿಗಬೇಕಾದ ಹಕ್ಕು ಸಿಕ್ಕಿದ ಗಳಿಗೆ, ಇನ್ನು ಕೆಲವರಿಗೆ ಹಳೆಯ ಪದ್ಧತಿ ಮುರಿದ ಗಳಿಗೆ. ಪರಂಪರೆಯಿಂದ ಬಂದ ಒಬ್ಬ ಮುಜಾವರನ ಬದಲು ಇಲ್ಲಿ ಧರ್ಮಕ್ಕೊಬ್ಬ ಪೂಜಾರಿ ಎಂಬ ಲೆಕ್ಕ ಬಂತು. ಗಮನಿಸಬೇಕಾದದ್ದು ಅದನ್ನು.

ಹಂಚಿಕೊಳ್ಳುವುದು ಸ್ನೇಹವೋ, ಪೈಪೋಟಿಯೋ?

ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಹೇಡನ್ 2002ರಲ್ಲಿ ಒಂದು ಕಟು ವಾದ ಮುಂದಿಟ್ಟರು. ಮಹಾರಾಷ್ಟ್ರದ ಮಢಿಯಲ್ಲಿ ಹಿಂದೂಗಳಿಗೆ ಕಾನಿಫನಾಥನಾದವನು ಮುಸ್ಲಿಮರಿಗೆ ಶಾ ರಂಜಾನ್. ಆ ಸ್ಥಳವನ್ನೂ ಬಾಲ್ಕನ್ ನಾಡುಗಳ ಅನುಭವವನ್ನೂ ಪಕ್ಕಪಕ್ಕ ಇಟ್ಟು, ಇಲ್ಲಿರುವುದು ಒಲವಲ್ಲ, ‘ಸೆಣಸಿನ ಸಹನೆ’ ಎಂದರು. ಯಾರ ಕೈಯೂ ಮೇಲಾಗದಿರುವಾಗ, ಇಲ್ಲವೇ ಒಬ್ಬರ ಕೈ ಸ್ಪಷ್ಟವಾಗಿ ಮೇಲಿರುವಾಗ ಜನ ಸುಮ್ಮನೆ ಹೊಂದಿಕೊಂಡಿರುತ್ತಾರೆ. ಬಲ ಅಲುಗಾಡಿದಾಗ ಜಗಳ ಏಳುತ್ತದೆ.

ಇನ್ನೊಬ್ಬ ಮಾನವಶಾಸ್ತ್ರಜ್ಞ ಗ್ಲೆನ್ ಬೌಮನ್ ಇದನ್ನು ಒಪ್ಪಲಿಲ್ಲ. ಅವರು ಕಂಡ, ಈಗಿನ ಉತ್ತರ ಮಕೆಡೋನಿಯಾದ ಮಕೆಡೋನ್ಸ್ಕಿ ಬ್ರೋದ್ ಪಟ್ಟಣದ ಚರ್ಚಿನೊಳಗೆ ಒಂದು ಸಮಾಧಿಯಿದೆ. ಆರ್ಥೊಡಾಕ್ಸ್ ಕ್ರೈಸ್ತರು ಅಲ್ಲಿ ಸಂತ ನಿಕೋಲಾಸನನ್ನು ಕಾಣುತ್ತಾರೆ, ಮುಸ್ಲಿಮರು ಹಿದಿರ್ ಬಾಬಾನನ್ನು. ಅದು ಇನ್ನೊಬ್ಬರಿಗೆ ಯಾರೆಂದು ಇಬ್ಬರಿಗೂ ಗೊತ್ತು, ಗೊತ್ತಿದ್ದೇ ಜಾಗ ಬಿಡುತ್ತಾರೆ. ದಿನವೂ ನೆರೆಹೊರೆಯಲ್ಲಿ ಬಾಳುವವರು ಎಚ್ಚರದಿಂದ ನಡೆಸುವ ಈ ವ್ಯವಹಾರವನ್ನು ಬರೀ ಪೈಪೋಟಿ ಎನ್ನಲಾಗದು, ಹೊರಗಿನ ಸಂಸ್ಥೆಗಳು ಒಡೆತನ ಕೇಳಿ ಬಂದಾಗಲೇ ಅದು ಕೆಡುವುದು ಹೆಚ್ಚು ಎಂಬುದು ಅವರ ವಾದದ ಸಾರ. ಒಂದು ವಿಷಯದಲ್ಲಿ ಮಾತ್ರ ಹೇಡನ್, ಬೌಮನ್ ಇಬ್ಬರೂ ಒಂದು: ‘ಬೆರೆತಿದೆ’ ಎಂದು ಬರೆದು ಕೈತೊಳೆದುಕೊಂಡರೆ ಜಗಳವೂ ಅರ್ಥವಾಗದು, ಹೊಂದಾಣಿಕೆಯೂ ಅರ್ಥವಾಗದು.

‘ಹಿಂದೂ-ಮಹಮದೀಯ’ ಎಂಬ ಕಾಲಂ ಇತ್ತು

1911ರ ಜನಗಣತಿಯಲ್ಲಿ ಮುಂಬಯಿ ಪ್ರಾಂತ್ಯದ ಅಧಿಕಾರಿ, ಯಾವ ಕಡೆಗೂ ಪೂರ್ತಿ ಸೇರದ ಗುಜರಾತಿನ ಕೆಲವು ಸಮುದಾಯಗಳನ್ನು ‘ಹಿಂದೂ-ಮಹಮದೀಯರು’ ಎಂದು ಬೇರೆಯಾಗಿ ಬರೆದ. ಇಡೀ ದೇಶದ ಗಣತಿ ಆಯುಕ್ತ ಎಡ್ವರ್ಡ್ ಗೇಟ್‌ಗೆ ಇದು ಸರಿಬರಲಿಲ್ಲ. ಆ ಕಡೆಗೋ ಈ ಕಡೆಗೋ ಸೇರಿಸಬೇಕಿತ್ತು ಎಂಬುದು ಅವನ ತಕರಾರು. ಎರಡು ಧರ್ಮಗಳ ನಡುವಿನ ಗೆರೆ ಇಷ್ಟು ಖಡಕ್ಕಾಗಿ ಕಾಣಲು ಇಂಥ ನಮೂನೆಗಳ ಪಾಲೂ ಇದೆ. ಗೆರೆಯನ್ನು ಮೊದಲು ಎಳೆದು, ಆಮೇಲೆ ದಾಟಿದವರನ್ನು ‘ಬೆರಕೆ’ ಎಂದದ್ದೂ ಉಂಟು.

ಕಾನೂನು ಕೇಳುವುದು ಒಂದೇ ಸ್ವರೂಪವನ್ನು

1991ರ ಪೂಜಾ ಸ್ಥಳಗಳ ಕಾಯ್ದೆ, 1947ರ ಆಗಸ್ಟ್ 15ರಂದು ಇದ್ದ ‘ಧಾರ್ಮಿಕ ಸ್ವರೂಪ’ ಹಾಗೇ ಮುಂದುವರಿಯಬೇಕು ಎನ್ನುತ್ತದೆ. ಮಸೀದಿಯೋ ಮಂದಿರವೋ ಎಂಬ ಪ್ರಶ್ನೆಗೆ ಇದು ಉತ್ತರವಾಗಬಹುದು. ಎರಡೂ ಆಗಿದ್ದ ಸ್ಥಳಕ್ಕೆ ಆ ದಿನ ಯಾವ ಸ್ವರೂಪ ಬರೆಯುವುದು? ‘ಸಮನ್ವಯ ಕೇಂದ್ರ’ ಎಂದು ಬರೆದರೂ ಬಗೆಹರಿಯುವುದಿಲ್ಲ. ಬೀಗದ ಕೈ ಯಾರ ಬಳಿ ಇತ್ತು, ಹುಂಡಿಯ ಲೆಕ್ಕ ಯಾರು ಬರೆದರು, ತೀರ್ಥವೋ ಸಕ್ಕರೆಯೋ ಯಾರ ಕೈಯಿಂದ ಬಂತು, ಉರುಸಿನ ದಿನ ಮತ್ತು ಜಾತ್ರೆಯ ದಿನ ಯಾರು ಗೊತ್ತುಮಾಡಿದರು ಎಂದು ಒಂದೊಂದಾಗಿ ಕೇಳಬೇಕಾಗುತ್ತದೆ. ಬಾಬಾಬುಡನ್‌ಗಿರಿಯ ಐದು ದಶಕಗಳ ಕಡತ ತುಂಬಿರುವುದೂ ಈ ಪ್ರಶ್ನೆಗಳಿಂದಲೇ.