K ಎಂಬುದು M ಆದಾಗ ಹಿಡಿಯುವವರು ಯಾರು?

ಕಂಪ್ಯೂಟರಿನ ಆಸ್ಕಿ ಪಟ್ಟಿಯಲ್ಲಿ K ಅಕ್ಷರದ ಸಂಖ್ಯೆ 75. ಅದನ್ನು ಏಳು ಬಿಟ್‌ಗಳಲ್ಲಿ ಬರೆದರೆ 1001011. ತಂತಿಯಲ್ಲಿ ಸಾಗುವಾಗ ಒಂದು ಕ್ಷಣದ ವಿದ್ಯುತ್ ಗದ್ದಲಕ್ಕೆ ಸಿಕ್ಕು ನಡುವಿನ ಎರಡು ಬಿಟ್‌ಗಳು ಮಗುಚಿಕೊಂಡವು ಎನ್ನೋಣ. ಆಚೆ ತುದಿಗೆ ತಲುಪುವುದು 1001101, ಅಂದರೆ M. ಅದೂ ಸರಿಯಾದ ಅಕ್ಷರವೇ ಆದ್ದರಿಂದ, ಸುಮ್ಮನೆ ನೋಡಿದವರಿಗೆ ಅನುಮಾನ ಬರುವುದಿಲ್ಲ.

ಇದಕ್ಕೆ ಹಳೆಯ ಮದ್ದು ಪ್ಯಾರಿಟಿ ಬಿಟ್. ಸಂದೇಶದಲ್ಲಿರುವ 1ಗಳನ್ನು ಎಣಿಸಿ, ಒಟ್ಟು ಸಮಸಂಖ್ಯೆ ಆಗುವಂತೆ ಕೊನೆಗೊಂದು ಬಿಟ್ ಸೇರಿಸುವುದು. Kಯಲ್ಲಿ ನಾಲ್ಕು 1ಗಳಿವೆ, ಹಾಗಾಗಿ ಸೇರಿಸುವ ಬಿಟ್ 0. ಒಂದೇ ಬಿಟ್ ಕೆಟ್ಟರೆ ಲೆಕ್ಕ ಬೆಸವಾಗಿ ತಪ್ಪು ಬಯಲಾಗುತ್ತದೆ. ಆದರೆ ನಮ್ಮ Mನಲ್ಲೂ 1ಗಳು ನಾಲ್ಕೇ! ಎರಡು ಬಿಟ್ ಒಟ್ಟಿಗೆ ಕೆಟ್ಟರೆ ಪ್ಯಾರಿಟಿಗೆ ಏನೂ ಕಾಣುವುದಿಲ್ಲ. ಗದ್ದಲವೋ, ಬಂದಾಗ ಅಕ್ಕಪಕ್ಕದ ಬಿಟ್‌ಗಳನ್ನು ಒಟ್ಟಿಗೇ ಕೆಡಿಸುವ ಜಾತಿಯದು.

ಚೆಕ್‌ಸಮ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಕ್ಷರಗಳ ಸಂಖ್ಯೆಗಳನ್ನೆಲ್ಲ ಕೂಡಿ, ಆ ಮೊತ್ತವನ್ನೂ ಜೊತೆಗೆ ಕಳಿಸುತ್ತಾರೆ. 75 ಹೋಗಿ 77 ಬಂದರೆ ಮೊತ್ತ ತಾಳೆಯಾಗದು, ಕಳ್ಳ ಸಿಕ್ಕಿಬೀಳುತ್ತಾನೆ. ಆದರೆ KM ಎಂದು ಹೊರಟದ್ದು MK ಎಂದು ತಲುಪಿದರೆ? ಎರಡೂ ಕಡೆ ಮೊತ್ತ 152. ಕೂಡುವಿಕೆಗೆ ಕ್ರಮದ ಹಂಗಿಲ್ಲ. ಇಂಟರ್ನೆಟ್ಟಿನ ಟಿಸಿಪಿ ಇಂದಿಗೂ ಬಳಸುವ 16 ಬಿಟ್‌ಗಳ ಚೆಕ್‌ಸಮ್‌ಗೂ ಇದೇ ಕೊರತೆ ಇದೆ: ಹದಿನಾರರ ಎರಡು ತುಂಡುಗಳು ಜಾಗ ಬದಲಿಸಿಕೊಂಡರೆ ಅದಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ ಕೂಡುವುದನ್ನು ಬಿಟ್ಟು ಭಾಗಿಸಿದರೆ ಹೇಗೆ? ಇದೇ ಸಿಆರ್‌ಸಿಯ ಉಪಾಯ. ವೆಸ್ಲಿ ಪೀಟರ್ಸನ್ ಮತ್ತು ಬ್ರೌನ್ 1961ರ ಪ್ರಬಂಧವೊಂದರಲ್ಲಿ ಇದನ್ನು ವಿವರಿಸಿದರು. ಇಲ್ಲಿ ಬಿಟ್‌ಗಳ ಸಾಲನ್ನು ಬಹುಪದವೆಂದು ಓದುತ್ತಾರೆ. 1011 ಎಂದರೆ x³ + x + 1. X² ಜಾಗದಲ್ಲಿ 0 ಇರುವುದರಿಂದ ಆ ಪದ ಇಲ್ಲ. ಬಹುಪದದಲ್ಲಿ ಒಂದು ಪದದ ಲೆಕ್ಕ ಪಕ್ಕದ ಪದಕ್ಕೆ ಹರಿಯುವುದಿಲ್ಲ. ಹಾಗಾಗಿ ದಶಕ ಒಯ್ಯುವುದೂ ಇಲ್ಲ, ಸಾಲ ತರುವುದೂ ಇಲ್ಲ. ಎರಡು ಬಿಟ್ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1, ಅಷ್ಟೇ ಕಳೆಯುವ ಲೆಕ್ಕ. ನಿಜ ಹೇಳಬೇಕೆಂದರೆ ಶಾಲೆಯ ಭಾಗಾಕಾರಕ್ಕಿಂತ ಇದು ಸುಲಭ.

1011 ನಮ್ಮ ಭಾಜಕವಾಗಿರಲಿ. ಅದರ ಅತಿ ದೊಡ್ಡ ಘಾತ 3, ಆದ್ದರಿಂದ Kಯ ಬಾಲಕ್ಕೆ ಮೂರು ಸೊನ್ನೆ ಹಚ್ಚಿ ಭಾಗಿಸಬೇಕು. ಪ್ರತಿ ಸಲವೂ ಎಡಗಡೆ ಮೊದಲು ಸಿಗುವ 1ರ ಕೆಳಗೆ ಭಾಜಕವನ್ನು ಇಟ್ಟು ಕಳೆಯುತ್ತಾ ಹೋಗುವುದು:

```
1001011000
1011
----------
0010011000
  1011
----------
0000101000
    1011
----------
0000000100
```

ಶೇಷ 100. ಸೊನ್ನೆಗಳ ಜಾಗಕ್ಕೆ ಅದನ್ನೇ ಕೂರಿಸಿ 1001011100 ಎಂದು ಕಳಿಸುತ್ತಾರೆ. ಈ ಲೆಕ್ಕದಲ್ಲಿ ಕೂಡುವುದೂ ಕಳೆಯುವುದೂ ಒಂದೇ ಆದ್ದರಿಂದ, ಶೇಷವನ್ನು ಸೇರಿಸಿದ ಸಾಲು ಭಾಜಕದಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಪಡೆಯುವವನು ಇಡೀ ಸಾಲನ್ನು ಮತ್ತೆ 1011ರಿಂದ ಭಾಗಿಸಿ, ಸೊನ್ನೆ ಉಳಿಯಿತೇ ಎಂದಷ್ಟೇ ನೋಡಿದರೆ ಸಾಕು. ನಮ್ಮ ಕೆಟ್ಟ ಸಾಲು 1001101100ಅನ್ನು ಭಾಗಿಸಿದರೆ ಉಳಿಯುವುದು 001. ಪ್ಯಾರಿಟಿಯ ಕಣ್ಣು ತಪ್ಪಿಸಿದ M ಇಲ್ಲಿ ಸಿಕ್ಕಿಬಿತ್ತು. ಅಷ್ಟೇ ಅಲ್ಲ, ಮೂರು ಬಿಟ್‌ಗಳ ಅಗಲದೊಳಗೆ ಬಿದ್ದ ಯಾವ ಪೆಟ್ಟೂ ಈ ಭಾಜಕದಿಂದ ತಪ್ಪಿಸಿಕೊಳ್ಳಲಾರದು.

ಹಾಗೆಂದು ಇದು ಸರ್ವಜ್ಞನೇನಲ್ಲ. ಕೆಟ್ಟ ಬಿಟ್‌ಗಳ ಜಾಗಗಳಲ್ಲಿ 1, ಉಳಿದ ಕಡೆ 0 ಬರೆದಾಗ ಸಿಗುವ ಸಾಲು ಭಾಜಕದ ಅಪವರ್ತ್ಯವೇ ಆಗಿದ್ದರೆ ಶೇಷ ಸೊನ್ನೆಯೇ ಬರುತ್ತದೆ. 1011ರ ಆಕಾರದಲ್ಲೇ ಮೂರು ಬಿಟ್ ಮಗುಚಿದರೆ ನಮ್ಮ ಸಿಆರ್‌ಸಿ ಸುಮ್ಮನಿರುತ್ತದೆ. ತಮಾಷೆಯೆಂದರೆ, ಮೂರು ಬೆಸಸಂಖ್ಯೆಯಾದ್ದರಿಂದ ಬಡಪಾಯಿ ಪ್ಯಾರಿಟಿ ಅದನ್ನು ಹಿಡಿಯುತ್ತದೆ! ಏಳು ಸ್ಥಾನ ದೂರದ ಎರಡು ಬಿಟ್ ಕೆಟ್ಟರೂ ಹೀಗೆಯೇ, ಏಕೆಂದರೆ x⁷ + 1 ಈ ಭಾಜಕದಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಪರಿಹಾರ ಭಾಜಕದ ಆಯ್ಕೆಯಲ್ಲಿದೆ. ಪ್ಯಾರಿಟಿ ಎಂಬುದು x + 1ರಿಂದ ಭಾಗಿಸುವ ಸಿಆರ್‌ಸಿಯೇ. ಕುಟುಂಬದ ಅತಿ ಕಿರಿಯ. 1011ಅನ್ನು ಅದರಿಂದ ಗುಣಿಸಿ 11101ಅನ್ನು ಭಾಜಕವಾಗಿಟ್ಟುಕೊಂಡರೆ, ಬೆಸಸಂಖ್ಯೆಯ ತಪ್ಪುಗಳೆಲ್ಲ ಸಿಗುತ್ತವೆ. ಅದಕ್ಕೆ ತೆರುವ ಬೆಲೆ ಇನ್ನೊಂದು ಬಿಟ್ ಮಾತ್ರ. ಈಥರ್‌ನೆಟ್, ಜಿಪ್ ಕಡತ, ಪಿಎನ್‌ಜಿ ಚಿತ್ರಗಳಲ್ಲಿ ಇರುವುದು 32 ಬಿಟ್ ಶೇಷ ಬಿಡುವ ಸಿಆರ್‌ಸಿ-32. 32 ಬಿಟ್‌ಗಳ ಅಗಲದವರೆಗಿನ ಯಾವ ಪೆಟ್ಟನ್ನಾದರೂ ಅದು ಹಿಡಿಯುತ್ತದೆ. ಆದರೆ ಬೇಕೆಂದೇ ಕಡತ ತಿದ್ದಿದವನು ಹೊಸ ಶೇಷವನ್ನೂ ಲೆಕ್ಕ ಹಾಕಿ ಅಂಟಿಸಿಬಿಟ್ಟರೆ ಸಿಆರ್‌ಸಿ ತಲೆಯಾಡಿಸುತ್ತದೆ. ಭಾಜಕ ಗುಟ್ಟಿನದಲ್ಲ, ಎಲ್ಲರಿಗೂ ಗೊತ್ತಿರುವಂಥದ್ದು.