ತೇಲುವ ಬುಗುರಿ, ನೆಲವಿಲ್ಲದ ನೆರಳು

ಚನ್ನಪಟ್ಟಣದ ಬುಗುರಿಯನ್ನು ಆನ್‌ಲೈನ್ ಮಾರಾಟಕ್ಕೆಂದು ಫೋಟೊ ತೆಗೆಯಲು ಹೊರಟವರಿಗೆ ಮೊದಲು ಎದುರಾಗುವ ತೊಡಕು, ಅದು ನಿಲ್ಲುವುದಿಲ್ಲ ಎಂಬುದು. ತಿರುಗುವಾಗ ಮಾತ್ರ ನೆಟ್ಟಗಿರುವ ವಸ್ತು ಅದು. ಮಲಗಿಸಿ ತೆಗೆದರೆ ಅರಗಿನ ಬಣ್ಣದ ಪಟ್ಟೆಗಳೆಲ್ಲ ಓರೆಯಾಗಿ, ಆಡಿ ಬಿಸಾಡಿದ ಬುಗುರಿಯ ಹಾಗೆ ಕಾಣುತ್ತದೆ. ಆದ್ದರಿಂದ ಅದನ್ನು ನೆಟ್ಟಗೆ ಗಾಳಿಯಲ್ಲಿ ತೇಲಿಸಿ, ಕೆಳಗೊಂದು ಮೆತ್ತನೆಯ ನೆರಳು ಕೊಡುವುದು ವಾಡಿಕೆಯ ದಾರಿ. ಆದರೆ ಅಮೆಜಾನ್‌ನಂಥ ಮಾರುಕಟ್ಟೆಗಳಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿಯಾಗಿರಬೇಕು: ಕೆಂಪು, ಹಸಿರು, ನೀಲಿ ಮೂರೂ 255. ವಸ್ತು ಚಿತ್ರದ ಶೇ 85ರಷ್ಟನ್ನಾದರೂ ತುಂಬಿರಬೇಕು. ನೆರಳೆಂದರೆ ಬಿಳಿಯಲ್ಲದ್ದು. ಬಿಳಿಯೂ ಕೆಡಬಾರದು, ನೆರಳೂ ಇರಬೇಕು ಎಂಬ ಈ ಹಗ್ಗಜಗ್ಗಾಟ ಬಗೆಹರಿಯಬೇಕಾದರೆ, ಚಿತ್ರದೊಳಗೆ ನೆರಳು ಹೇಗೆ ಬಂತು ಎಂಬುದನ್ನು ಮೊದಲು ತಿಳಿಯಬೇಕು.

ಕಂಪ್ಯೂಟರ್ ಬರುವ ಮುಂಚೆ ವಸ್ತುವನ್ನು ತೆಳುವಾದ ದಾರದಲ್ಲಿ ತೂಗುಬಿಟ್ಟೋ ಗಾಜಿನ ಮೇಲಿಟ್ಟೋ ಫೋಟೊ ತೆಗೆಯುತ್ತಿದ್ದರು. ಬೇಡದ ಹಿನ್ನೆಲೆಯನ್ನು ಬಣ್ಣ ಬಳಿದು ಮುಚ್ಚುತ್ತಿದ್ದರು. ಬೇಕಾದ ನೆರಳನ್ನು ಏರ್‌ಬ್ರಷ್‌ನಿಂದ ಊದುತ್ತಿದ್ದರು. ಇದೇ ಕೆಲಸ ಅಂಕಿಗಳಿಗೆ ಇಳಿಯಲು ಪ್ರತಿ ಚುಕ್ಕಿಗೂ ಬಣ್ಣದ ಜೊತೆಗೆ ಇನ್ನೊಂದು ಲೆಕ್ಕ ಬೇಕಾಯಿತು: ಈ ಚುಕ್ಕಿ ಎಷ್ಟು ಪಾರದರ್ಶಕ? 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ಈ ಲೆಕ್ಕಕ್ಕೆ ಆಲ್ಫಾ ಎಂದು ಹೆಸರಿಟ್ಟರು. ಒಂದರ ಮೇಲೊಂದು ಚಿತ್ರ ಹಾಸುವಾಗ ಆಲ್ಫಾವನ್ನು ಹೇಗೆ ಗುಣಿಸಬೇಕೆಂಬ ನಿಯಮಗಳನ್ನು 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬರೆದಿಟ್ಟರು. ಫೋಟೊಶಾಪ್ 1990ರಲ್ಲಿ ಬಂತು. ಲೇಯರ್‌ಗಳು 1994ರ ಮೂರನೇ ಆವೃತ್ತಿಯಲ್ಲಿ ಸೇರಿದವು. ಒಂದು ಗುರುತು ಹಾಕಿದರೆ ಸಾಕು, ಡ್ರಾಪ್ ಶ್ಯಾಡೋ ಬೀಳುವ ಸೌಲಭ್ಯ ಸಿಕ್ಕಿದ್ದು 1998ರ ಐದನೇ ಆವೃತ್ತಿಯಲ್ಲಿ.

ಬುಗುರಿಯ ಚಿತ್ರ ಹದಗೆಡುವುದು ಆ ಗುರುತಿನಿಂದಲೇ. ಡ್ರಾಪ್ ಶ್ಯಾಡೋ ವಸ್ತುವಿನ ಹೊರ ಆಕಾರವನ್ನೇ ನಕಲು ಮಾಡಿ, ಸ್ವಲ್ಪ ಸರಿಸಿ, ಮಸುಕುಗೊಳಿಸಿ ಹಿಂದೆ ಇಡುತ್ತದೆ. ಅಕ್ಷರಕ್ಕೆ, ಗುಂಡಿಗೆ, ಚೀಟಿಗೆ ಅದು ಸರಿ. ಅವು ಹಾಳೆಯ ಮುಂದೆ ಒಂದಿಷ್ಟು ಎದ್ದು ನಿಂತಂತೆ ಕಾಣುತ್ತವೆ. ಬುಗುರಿಯ ಹಿಂದೆ ಬುಗುರಿಯಾಕಾರದ ನೆರಳು ಬಿದ್ದರೆ ಮಾತ್ರ ಅದು ಗೋಡೆಗೆ ಅಂಟಿಸಿದ ಸ್ಟಿಕ್ಕರ್‌ ಆಗಿಬಿಡುತ್ತದೆ. ತೇಲುವ ವಸ್ತುವಿಗೆ ಬೇಕಾದದ್ದು ಗೋಡೆಯ ನೆರಳಲ್ಲ, ನೆಲದ ನೆರಳು. ಮೇಲಿನಿಂದ ಬೆಳಕು ಬಿದ್ದಾಗ ಬುಗುರಿಯ ನೆರಳು ನೆಲದ ಮೇಲೆ ವೃತ್ತವಾಗಿರುತ್ತದೆ. ಓರೆಯಿಂದ ನೋಡುವ ಕ್ಯಾಮೆರಾಕ್ಕೆ ಆ ವೃತ್ತ ಚಪ್ಪಟೆಯಾದ ಅಂಡಾಕಾರವಾಗುತ್ತದೆ. ಕ್ಯಾಮೆರಾ ಸುಮಾರು 15 ಡಿಗ್ರಿ ಮೇಲಿನಿಂದ ನೋಡುತ್ತಿದ್ದರೆ ಅಂಡಾಕಾರದ ಎತ್ತರ ಅದರ ಅಗಲದ ಕಾಲು ಭಾಗ.

ನೆರಳು ಎಷ್ಟು ಮೆತ್ತಗಿರಬೇಕೆಂಬುದನ್ನೂ ಬೆಳಕೇ ಹೇಳುತ್ತದೆ. 60 ಸೆಂ.ಮೀ. ಅಗಲದ ಸಾಫ್ಟ್‌ಬಾಕ್ಸ್ ಬುಗುರಿಯಿಂದ 120 ಸೆಂ.ಮೀ. ಮೇಲಿದೆ, ಬುಗುರಿ ನೆಲದಿಂದ 4 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. 60ನ್ನು 4ರಿಂದ ಗುಣಿಸಿ 120ರಿಂದ ಭಾಗಿಸಿದರೆ ನೆರಳಿನ ಅಂಚಿನ ಮಸುಕು ಪಟ್ಟಿ 2 ಸೆಂ.ಮೀ. ಎಂದು ಸಿಗುತ್ತದೆ. ಎತ್ತರ ಹೆಚ್ಚಿದಷ್ಟೂ ಮಸುಕು ಹಿಗ್ಗುತ್ತದೆ, ನಡುವಿನ ಕಪ್ಪು ಕುಗ್ಗುತ್ತದೆ. ಅಂಚು ಚೂಪಾದ ಗಾಢ ನೆರಳನ್ನು ದೂರಕ್ಕೆ ತಳ್ಳಿದ ಚಿತ್ರ ಸುಳ್ಳೆಂದು ಕಣ್ಣಿಗೆ ಥಟ್ಟನೆ ಹೊಳೆಯುವುದು ಇದರಿಂದಲೇ.

ಈಗ ಚಿತ್ರ ಕಟ್ಟೋಣ. ಹಾಳೆ 2000 ಚುಕ್ಕಿ ಅಗಲ, 2000 ಎತ್ತರ. ಬುಗುರಿಯ ಎತ್ತರ 1700 ಚುಕ್ಕಿ, ಅಂದರೆ ಸರಿಯಾಗಿ ಶೇ 85. ಉಳಿದ 300ನ್ನು ಮೇಲೆ ಕೆಳಗೆ ಸಮನಾಗಿ ಹಂಚಿದರೆ ನೆರಳಿಗೆ ಜಾಗ ಸಾಲುವುದಿಲ್ಲ. ಹಾಗಾಗಿ ಬುಗುರಿಯನ್ನು ಮೇಲಕ್ಕೆ ಸರಿಸಬೇಕು: ಮೇಲೆ 30 ಬಿಟ್ಟರೆ ಬುಗುರಿಯ ತುದಿ 1730ನೇ ಸಾಲಿಗೆ ಬರುತ್ತದೆ. ಉಳಿದ ಜಾಗಕ್ಕೆ ಹೊಂದುವಂತೆ ನೆರಳಿನ ಅಂಡಾಕಾರ 560 ಅಗಲ, 140 ಎತ್ತರ. ಅದರ ನಡು 1860ನೇ ಸಾಲಿನಲ್ಲಿ. ಗಾಢತೆ ಶೇ 18, ಮಸುಕು 20. ಬಿಳಿಯ ಮೇಲೆ ಶೇ 18ರ ಕಪ್ಪು ಎಂದರೆ 209ರ ಬೂದು. ಹಿನ್ನೆಲೆ ಅಳಿಸಿ ಇದೇ ಅಳತೆಯ ಪಾರದರ್ಶಕ ಹಾಳೆಯಲ್ಲಿ ಬುಗುರಿಯನ್ನು ಕೂರಿಸಿಟ್ಟ ಕಡತ `buguri.png` ಎಂದಾದರೆ, ಉಚಿತವಾಗಿ ಸಿಗುವ ಇಮೇಜ್‌ಮ್ಯಾಜಿಕ್‌ನಲ್ಲಿ ಇಷ್ಟೇ ಕೆಲಸ:

```
magick -size 2000x2000 xc:white -fill "rgb(209,209,209)" \
  -draw "ellipse 1000,1860 280,70 0,360" -blur 0x20 \
  buguri.png -composite -quality 95 mukhya.jpg
```

ಇಲ್ಲಿ ಮುಖ್ಯವಾದದ್ದು ನೆರಳು ಎಲ್ಲಿ ಮುಗಿಯುತ್ತದೆ ಎಂಬುದು. ಗಾಸಿಯನ್ ಮಸುಕಿಗೆ ಗಣಿತದಲ್ಲಿ ಕೊನೆಯೇ ಇಲ್ಲ. ಚಿತ್ರದ ಚುಕ್ಕಿಗೆ ಮಾತ್ರ 0ಯಿಂದ 255ರವರೆಗೆ ಪೂರ್ಣ ಸಂಖ್ಯೆಗಳಷ್ಟೇ ಗೊತ್ತು. ಒಂದು ಅಂಕಿಯ ಅರ್ಧಕ್ಕಿಂತ ಕಡಿಮೆ ಮಬ್ಬು ಉಳಿದರೆ ಅದು 255ಕ್ಕೇ ಸೇರಿಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಅಂಡಾಕಾರದ ಅಂಚಿನಿಂದ ಸುಮಾರು 46 ಚುಕ್ಕಿ ಆಚೆ ಹಾಗಾಗುತ್ತದೆ. ಅಂದರೆ ನೆರಳು 1976ರ ಹತ್ತಿರ ಕೊನೆಯಾಗಿ, ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಸಾಲು ಅಪ್ಪಟ ಬಿಳಿ ಉಳಿಯುತ್ತದೆ. ಮಸುಕನ್ನು 40ಕ್ಕೆ ಏರಿಸಿದರೆ ನೆರಳು ಹಾಳೆಯ ಅಂಚು ಮುಟ್ಟುತ್ತದೆ. ಅಂಥ ಚಿತ್ರವನ್ನು ಬಿಳಿ ಪುಟದಲ್ಲಿ ಇಟ್ಟರೆ ಕೆಳಗಡೆ ಕತ್ತರಿಸಿದಂಥ ಸಣ್ಣ ಗೆರೆ ಕಾಣುತ್ತದೆ.

253 ಮತ್ತು 255ರ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ, ಪರೀಕ್ಷೆ ಮಾಡಿಯೇ ತಿಳಿಯಬೇಕು. ಫೋಟೊಶಾಪ್‌ನಲ್ಲಿ ಥ್ರೆಶೋಲ್ಡ್ 255 ಇಟ್ಟರೆ ಅಪ್ಪಟ ಬಿಳಿ ಬಿಟ್ಟು ಉಳಿದದ್ದೆಲ್ಲ ಕಪ್ಪಾಗುತ್ತದೆ. ಇಮೇಜ್‌ಮ್ಯಾಜಿಕ್‌ನಲ್ಲಾದರೆ:

```
magick mukhya.jpg -fill black +opaque white parikshe.png
```

ಪರೀಕ್ಷೆಯ ಚಿತ್ರದಲ್ಲಿ ಬುಗುರಿ ಮತ್ತು ಅದರ ಕೆಳಗೊಂದು ಅಂಡಾಕಾರ ಮಾತ್ರ ಕಪ್ಪಾಗಿ ಕಂಡರೆ ಕೆಲಸ ಸರಿಯಾಗಿದೆ. ಬುಗುರಿಯ ಸುತ್ತ ಕಪ್ಪು ಚುಕ್ಕಿಗಳ ಚೌಕಗಳು ಎದ್ದಿದ್ದರೆ ಅದು ಜೆಪೆಗ್‌ ಸಂಕೋಚನದ ಕೆಲಸ. ಅದು ಚಿತ್ರವನ್ನು 8 ಚುಕ್ಕಿಯ ಚೌಕಗಳಾಗಿ ಒಡೆಯುತ್ತದೆ. ಬುಗುರಿಯ ಕಡುಕೆಂಪು ಬಿಳಿಯನ್ನು ಮುಟ್ಟುವ ಚೌಕಗಳಲ್ಲಿ ಬಿಳಿಯೂ ಕೊಂಚ ಕದಡುತ್ತದೆ. ಗುಣಮಟ್ಟ ಹೆಚ್ಚಿಸಿದರೆ ಈ ಕದಡು ತಗ್ಗುತ್ತದೆ, ಅದು ವಸ್ತುವಿನ ಪಕ್ಕ ಬಿಟ್ಟು ದೂರ ಹೋಗುವುದೂ ಇಲ್ಲ. ನಾಲ್ಕು ಅಂಚಿನಲ್ಲಿ ಎಲ್ಲಾದರೂ ಕಪ್ಪು ಕಂಡರೆ ಮಾತ್ರ ಚಿತ್ರವನ್ನು ಮತ್ತೆ ಕಟ್ಟಬೇಕು. ಸ್ಟುಡಿಯೋದ ಬಿಳಿ ಹಾಳೆ ಸಾಮಾನ್ಯವಾಗಿ 240ರ ಆಸುಪಾಸಿನ ಬೂದು. ಅದನ್ನೇ ಲೆವೆಲ್ಸ್‌ನಿಂದ 255ಕ್ಕೆ ಎಳೆದರೆ ಅರಗಿನ ಹೊಳಪಿನಲ್ಲಿರುವ ವಿವರವೂ ಸುಟ್ಟುಹೋಗುತ್ತದೆ. ಬುಗುರಿಯನ್ನು ಬೇರೆಯಾಗಿ ಕತ್ತರಿಸಿ ಹೊಸ ಬಿಳಿಯ ಮೇಲೆ ಇಡುವುದು ಈ ಕಾರಣಕ್ಕೆ.

ಮಾರುಕಟ್ಟೆಯ ಪ್ರತಿ ವಿಭಾಗಕ್ಕೂ ಅದರದೇ ಕೈಪಿಡಿ ಇರುವುದರಿಂದ, ನೆರಳಿನ ಬಗ್ಗೆ ಅಲ್ಲಿ ಏನಿದೆಯೆಂದು ಮೊದಲು ಓದಿಕೊಳ್ಳಿ. ನೆರಳು ಬೇಡವೆಂದಿದ್ದರೆ ಮುಖ್ಯ ಚಿತ್ರವನ್ನು ನೆರಳಿಲ್ಲದೆ ಕೊಟ್ಟು, ತೇಲುವ ಬುಗುರಿಯನ್ನು ಎರಡನೇ ಚಿತ್ರವಾಗಿಸಿ. ನೆರಳು ಇಡಲು ಅಡ್ಡಿಯಿಲ್ಲದಿದ್ದರೆ ಅದು ತಿಳಿಯಾಗಿರಲಿ, ನೆಲದ ಮೇಲೆ ಬೀಳಲಿ, ಅಂಚಿಗೆ ಮುಂಚೆ ಮುಗಿಯಲಿ.