ನೌಕರಿಯ ಒಪ್ಪಿಗೆಯ ಪತ್ರ

ನೌಕರಿ ಕೊಡುತ್ತೇವೆಂಬ ಪತ್ರವು ಈಗ ಅಂಚೆಯವನ ಚೀಲದಲ್ಲಿ ಬರುವದು ಕಡಿಮೆ; ಇ-ಮೇಲಾಗಿ ಮೊಬೈಲಿಗೇ ಬರುತ್ತದೆ. ಅದಕ್ಕೆ "ಓಕೆ ಸರ್, ಥ್ಯಾಂಕ್ಯೂ" ಎಂದು ಉತ್ತರಿಸಿ ಸುಮ್ಮನಾಗುವ ಗೆಳೆಯರನ್ನು ನಾನು ನೋಡಿದ್ದೇನೆ. ಏನನ್ನು ಒಪ್ಪಿದರು, ಎಂದು ಬರುವರು ಎಂಬುದು ಆ ಉತ್ತರದಿಂದ ತಿಳಿಯುವದಿಲ್ಲ.

ಒಪ್ಪಿಗೆಗೆ ಕಾಯಿದೆಯಲ್ಲಿ ಒಂದು ನಿಯಮವಿದೆ. 1872ರ ಭಾರತೀಯ ಕರಾರು ಕಾಯಿದೆಯ 7ನೆಯ ಕಲಮಿನಂತೆ ಒಪ್ಪಿಗೆಯು ಪೂರ್ಣವೂ ನಿಃಶರ್ತವೂ ಆಗಿರಬೇಕು. ಇ-ಮೇಲಿನಿಂದ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವದಿಲ್ಲವೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 10ಎ ಕಲಮು ಹೇಳುತ್ತದೆ. ಆದುದರಿಂದ ಆ ನಾಲ್ಕು ಸಾಲುಗಳನ್ನು ಕಾಗದದ ಪತ್ರದಷ್ಟೇ ಎಚ್ಚರದಿಂದ ಬರೆಯಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅಮೀನಗಡದ ಪದವೀಧರನೊಬ್ಬನಿಗೆ ಹುಬ್ಬಳ್ಳಿಯ ಕಂಪನಿಯೊಂದರಿಂದ ಜೂನ್ 10ಕ್ಕೆ ಪತ್ರ ಬಂದಿದೆ. ಸಂಬಳ ತಿಂಗಳಿಗೆ 18,000 ರೂಪಾಯಿ. ಜೂನ್ 14ರ ಸಂಜೆ 5ರೊಳಗೆ ಉತ್ತರ ಬೇಕು. ಜುಲೈ 1ಕ್ಕೆ ಹಾಜರಾಗಬೇಕು. ಅವನು ಹೀಗೆ ಬರೆಯಬಹುದು:

"ಮಾನ್ಯರೆ, ಜೂನ್ 10ರ ತಮ್ಮ ಪತ್ರ ತಲುಪಿತು. ಈ ಅವಕಾಶಕ್ಕಾಗಿ ತಮಗೆ ಕೃತಜ್ಞನಾಗಿದ್ದೇನೆ. ಅದರಲ್ಲಿ ತಿಳಿಸಿದ ಸಂಬಳ ಹಾಗೂ ನಿಬಂಧನೆಗಳ ಮೇರೆಗೆ ಲೆಕ್ಕಪತ್ರ ಸಹಾಯಕನ ಹುದ್ದೆಯನ್ನು ಒಪ್ಪಿಕೊಂಡಿದ್ದೇನೆ. ಜುಲೈ 1ರಂದು ಹುಬ್ಬಳ್ಳಿಯ ಕಚೇರಿಯಲ್ಲಿ ಹಾಜರಾಗುವೆನು. ಸಹಿ ಮಾಡಿದ ಪ್ರತಿಯನ್ನು ಲಗತ್ತಿಸಿದ್ದೇನೆ. ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ಇನ್ನೂ ಕೈಸೇರಿಲ್ಲ. ಅಂದು ಆನ್‌ಲೈನ್ ಫಲಿತಾಂಶದ ಪ್ರತಿ ಸಾಕಾಗುವದೇ, ಮತ್ತಾವ ಮೂಲ ಕಾಗದಗಳನ್ನು ತರಬೇಕು ಎಂಬುದನ್ನು ದಯವಿಟ್ಟು ತಿಳಿಸಿರಿ."

ಕೆಳಗೆ ಪೂರ್ಣ ಹೆಸರು ಮತ್ತು ಮೊಬೈಲ್ ಸಂಖ್ಯೆ. ಇಷ್ಟೇ ಸಾಕು.

ಇಲ್ಲಿ ಅಂಕಪಟ್ಟಿಯ ಮಾತು ಒಪ್ಪಿಗೆಯ ನಂತರ ಬಂದ ಪ್ರಶ್ನೆ, ಷರತ್ತಲ್ಲ. ಅದರ ಬದಲು "ಸಂಬಳ 20,000 ಮಾಡಿದರೆ ಬರುತ್ತೇನೆ" ಎಂದು ಬರೆದಿದ್ದರೆ ಅದು ಒಪ್ಪಿಗೆಯಾಗದೆ ಹೊಸ ಪ್ರಸ್ತಾವವಾಗುತ್ತಿತ್ತು. ಕಂಪನಿಯು ಅದನ್ನು ನಿರಾಕರಿಸಿ ಬೇರೊಬ್ಬರನ್ನು ಕರೆಯಬಹುದು. ಸಂಬಳದ ಮಾತು ಆಡುವದಿದ್ದರೆ ಒಪ್ಪಿಗೆಗೆ ಮೊದಲು, ಗಡುವಿನೊಳಗೆ ಫೋನಿನಲ್ಲಿ ಆಡಿ ಮುಗಿಸಬೇಕು. ಅವರು ಹೆಚ್ಚಿಸಿದರೆ ತಿದ್ದಿದ ಪತ್ರವನ್ನು ಕೇಳಿ ಪಡೆದು, ಅದಕ್ಕೇ ಒಪ್ಪಿಗೆ ಬರೆಯಬೇಕು.

ಕಳಿಸುವಾಗ ಹೊಸ ಪತ್ರ ತೆರೆಯದೆ ಅವರ ಪತ್ರಕ್ಕೇ ಉತ್ತರ ಬರೆಯುವದು ಒಳ್ಳೆಯದು. ಹಿಂದಿನ ನಿಬಂಧನೆಗಳೆಲ್ಲ ಕೆಳಗೇ ಉಳಿಯುತ್ತವೆ. ಅವರು ವಿಭಾಗದ ಮುಖ್ಯಸ್ಥರಿಗೂ ಪ್ರತಿ ಹಾಕಿದ್ದರೆ ನಾವೂ ಎಲ್ಲರಿಗೂ ಉತ್ತರಿಸಬೇಕು. ಲಗತ್ತು ನಿಜವಾಗಿ ಸೇರಿದೆಯೇ ಎಂದು ಕಳಿಸಿದ ಪತ್ರವನ್ನು ತೆರೆದು ನೋಡಬೇಕು. ವಿಳಾಸ ತಪ್ಪಿದ್ದರೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲೇ "ತಲುಪಲಿಲ್ಲ" ಎಂಬ ಸೂಚನೆ ಮರಳಿ ಬರುತ್ತದೆ. ಅದು ಬಾರದಿದ್ದರೂ ಪತ್ರ ಸ್ಪ್ಯಾಮಿನಲ್ಲಿ ಬಿದ್ದಿರಬಹುದು. ಆದುದರಿಂದ 14ರ ಸಂಜೆಯವರೆಗೆ ಕಾಯದೆ 12ರಂದೇ ಕಳಿಸಿ, ಮರುದಿನ ಉತ್ತರ ಬಾರದಿದ್ದರೆ ಒಮ್ಮೆ ಫೋನು ಮಾಡಿ ವಿಚಾರಿಸಬೇಕು. ಆಗ ತಿದ್ದಿಕೊಳ್ಳಲು ಇನ್ನೂ ಒಂದು ದಿನ ಕೈಯಲ್ಲಿರುತ್ತದೆ.